ದುಬೈನಲ್ಲಿ ಯುಪಿಐನಾ, ಕಾರ್ಡಾ?

"ಮುಂದಿನ ತಿಂಗಳು ದುಬೈಗೆ ಹೋಗ್ತಿದ್ದೀನಿ. ಅಲ್ಲಿ ಯುಪಿಐನಲ್ಲಿ ಪೇ ಮಾಡಿದ್ರೆ ರೇಟ್ ಯಾರು ಹಾಕ್ತಾರೆ? ಕಾರ್ಡೇ ಅಗ್ಗನಾ?"

ಗೂಗಲ್‌ನಲ್ಲಿ ಕಾಣೋ ರೇಟ್ ನಿಮಗೆ ಎರಡರಲ್ಲೂ ಸಿಗೋದು ಕಷ್ಟ. ಯುಪಿಐನಲ್ಲಿ ಹಣ ವಿನಿಮಯದ ಲಾಭ ಸಾಮಾನ್ಯವಾಗಿ ರೇಟಿನೊಳಗೇ ಸೇರಿರುತ್ತೆ, ಬ್ಯಾಂಕ್ ಶುಲ್ಕ ಬೇರೆ ಇರಬಹುದು. ಆದರೆ ಪಿನ್ ಒತ್ತೋ ಮುಂಚೆಯೇ ರೂಪಾಯಿ ಮೊತ್ತ ಪರದೆ ಮೇಲೆ ಬರುತ್ತೆ. ಅದನ್ನು ದಿರ್ಹಮ್‌ನಿಂದ ಭಾಗಿಸಿ ನೋಡಿ.

ಗೂಗಲ್ ರೇಟ್ 24 ರೂಪಾಯಿ ಅಂತಿಟ್ಟುಕೊಳ್ಳಿ. 100 ದಿರ್ಹಮ್ ಬಿಲ್ಲಿಗೆ ಆ್ಯಪ್ 2,460 ತೋರಿಸಿದ್ರೆ ನೀವು ಕೊಡ್ತಿರೋದು 24.60, ಅಂದ್ರೆ ಶೇ 2.5 ಜಾಸ್ತಿ. ಕಾರ್ಡಿಗೆ ಶೇ 3.5 ಮಾರ್ಕಪ್, ಅಂದ್ರೆ ವಿದೇಶಿ ಖರ್ಚಿನ ಮೇಲಿನ ಶುಲ್ಕ, ಅದರ ಮೇಲೆ ಶೇ 18 ಜಿಎಸ್‌ಟಿ ಇದ್ದರೆ ಸುಮಾರು 2,499 ಆಗುತ್ತೆ. ಇಲ್ಲಿ ಯುಪಿಐ ಗೆದ್ದಿತು. ಮಾರ್ಕಪ್ ಇಲ್ಲದ ಕಾರ್ಡಿದ್ದರೆ ಲೆಕ್ಕ ತಿರುಗಿ ಬೀಳುತ್ತೆ, ಆಗ ಕಣ್ಣುಮುಚ್ಚಿ ಕಾರ್ಡನ್ನೇ ಉಜ್ಜಿ.

ಒಂದೇ ಎಚ್ಚರ: ಕಾರ್ಡ್ ಮಷೀನ್ "ರೂಪಾಯಿಯಲ್ಲೇ ಕೊಡ್ತೀರಾ?" ಅಂತ ಕೇಳಿದ್ರೆ ಬೇಡ ಅನ್ನಿ, ದಿರ್ಹಮ್ ಆರಿಸಿ. ಆ ರೂಪಾಯಿ ರೇಟು ಅಂಗಡಿ ಕಡೆಯವರು ಹಾಕೋದು, ಬಹುತೇಕ ದುಬಾರಿ.

ಹೊರಡೋ ಮೊದಲೇ ಆ್ಯಪ್‌ನಲ್ಲಿ ಯುಪಿಐ ಇಂಟರ್‌ನ್ಯಾಷನಲ್ ಆನ್ ಮಾಡಿಕೊಳ್ಳಿ. ಎಲ್ಲಾ ಅಂಗಡೀಲೂ ನಡೆಯಲ್ಲ, ಕಾರ್ಡ್ ಜೇಬಲ್ಲಿರಲಿ.