IE ಬೇರೆ, INE ಬೇರೆ

"ಮಗನಿಗೆ ಅವನ ಕಂಪನಿ ಆಕ್ಸೆಂಚರ್ ಕೊಟ್ಟ ಷೇರಿನ ಪಟ್ಟಿಯಲ್ಲಿ ಐಸಿನ್ ಸಂಖ್ಯೆ IE00B4BNMY34 ಎಂದಿದೆ. ಷೇರು ನಡೆಯುವುದು ನ್ಯೂಯಾರ್ಕಿನಲ್ಲಿ, ಲೆಕ್ಕ ಡಾಲರಿನಲ್ಲಿ. ನನ್ನ ಇನ್ಫೋಸಿಸ್ ಷೇರಿನದು INE ಎಂದು ಶುರುವಾಗುತ್ತದೆ. ಇಲ್ಲಿ N ಬಿಟ್ಟುಹೋಗಿದೆಯೇ? ಅಮೆರಿಕದ್ದಾದರೆ US ಇರಬೇಕಲ್ಲವೇ? ರಿಟರ್ನ್ ತುಂಬುವುದಿದೆ." (ಗೋಕಾಕದಿಂದ)

ಅಕ್ಕಾ, N ಎಲ್ಲಿಯೂ ಬಿದ್ದುಹೋಗಿಲ್ಲ. ಎಣಿಸಿ ನೋಡಿ, ಸರಿಯಾಗಿ ಹನ್ನೆರಡು ಇವೆ. ಐಸಿನ್ ಎಂದರೆ ಷೇರು, ಬಾಂಡುಗಳಿಗೆ ಕೊಡುವ ಅಂತರರಾಷ್ಟ್ರೀಯ ಗುರುತಿನ ಸಂಖ್ಯೆ. ಅದು ಯಾವ ದೇಶದ್ದೇ ಆಗಿರಲಿ, ಹನ್ನೆರಡಕ್ಕಿಂತ ಹೆಚ್ಚೂ ಇರುವುದಿಲ್ಲ, ಕಡಿಮೆಯೂ ಇರುವುದಿಲ್ಲ. ಒಂದು ಅಕ್ಷರ ಬಿಟ್ಟುಹೋಗಿದ್ದರೆ ಹನ್ನೊಂದಾಗುತ್ತಿತ್ತು.

ನಿಮ್ಮನ್ನು ಗೊಂದಲಕ್ಕೆ ಹಾಕಿದ್ದು INE ಎಂಬ ಮೂರಕ್ಷರ. ನಮ್ಮಲ್ಲಿ ಬಹಳ ಜನ ಆ ಮೂರನ್ನೂ ಸೇರಿಸಿ ದೇಶದ ಗುರುತು ಎಂದುಕೊಂಡಿದ್ದಾರೆ. ದೇಶ ಹೇಳುವುದು ಮೊದಲ ಎರಡೇ: IN, ಅಂದರೆ ಭಾರತ. ಮೂರನೆಯ E ನಮ್ಮ ದೇಶದ ಒಳಗಿನ ವ್ಯವಸ್ಥೆ. ಕಂಪನಿ ಹೊರಡಿಸಿದ್ದಕ್ಕೆ E, ಮ್ಯೂಚುವಲ್ ಫಂಡ್ ಆದರೆ F. ಸರಕಾರದ ಸಾಲಪತ್ರಗಳಲ್ಲಿ IN ಆದ ಮೇಲೆ ನೇರವಾಗಿ ಅಂಕಿ ಬರುತ್ತದೆ. ಚಿನ್ನದ ಬಾಂಡ್ ಇಟ್ಟುಕೊಂಡವರು ತೆಗೆದು ನೋಡಿದರೆ IN0020 ಎಂದು ಕಾಣುತ್ತದೆ. ನಿಮ್ಮ ಮಗನ ಸಂಖ್ಯೆಯಲ್ಲಿ ಮೊದಲ ಎರಡು IE, ಅಂದರೆ ಐರ್ಲೆಂಡ್. ಅದನ್ನು IN ಜೊತೆ ಹೋಲಿಸಬೇಕೇ ಹೊರತು INE ಜೊತೆಗಲ್ಲ.

ಹಾಗಾದರೆ ನ್ಯೂಯಾರ್ಕಿನಲ್ಲಿ ಮಾರಾಟವಾಗುವ ಷೇರಿಗೆ ಐರ್ಲೆಂಡ್ ಎಲ್ಲಿಂದ ಬಂತು? ಬೆಳಗಾವಿಯ ರಸ್ತೆಯಲ್ಲಿ ನಿಂತು ಗಾಡಿಗಳನ್ನು ನೋಡಿದರೆ ಉತ್ತರ ಸಿಗುತ್ತದೆ. KA-22ರ ನಡುವೆ ಕೊಲ್ಹಾಪುರದ MH-09 ಎಷ್ಟೋ ಓಡಾಡುತ್ತವೆ, ಗೋವಾದವೂ ಇವೆ. ಗಾಡಿ ಎಲ್ಲಿ ಓಡುತ್ತದೆ ಎಂಬುದನ್ನು ಫಲಕ ಹೇಳುವುದಿಲ್ಲ, ಎಲ್ಲಿ ನೋಂದಣಿಯಾಗಿದೆ ಎಂಬುದನ್ನು ಮಾತ್ರ ಹೇಳುತ್ತದೆ. ಷೇರಿನದೂ ಅದೇ ಕಥೆ. ಆಕ್ಸೆಂಚರ್ ಕಾನೂನಿನ ಲೆಕ್ಕದಲ್ಲಿ ಐರ್ಲೆಂಡಿನಲ್ಲಿ ನೋಂದಾಯಿತ ಕಂಪನಿ. ಷೇರು ನ್ಯೂಯಾರ್ಕಿನಲ್ಲಿ ನಡೆದರೂ, ಸಾವಿರಾರು ಜನ ಬೆಂಗಳೂರಿನಲ್ಲಿ ಕೆಲಸ ಮಾಡಿದರೂ ಆ ಎರಡಕ್ಷರ ಬದಲಾಗುವುದಿಲ್ಲ. ನೋಂದಣಿಯೇ ಬೇರೆ ದೇಶಕ್ಕೆ ಹೋದರೆ ಬೇರೆ ಎರಡಕ್ಷರದ ಹೊಸ ಸಂಖ್ಯೆ ಬರುತ್ತದೆ. ಇದೇ ಕಂಪನಿ 2009ರ ವರೆಗೆ ಬರ್ಮುಡಾದಲ್ಲಿತ್ತು, ಆಗ ಅದರ ಸಂಖ್ಯೆ BM ಎಂದು ಶುರುವಾಗುತ್ತಿತ್ತು. ಹಳೆಯ ಕಾಗದಗಳಲ್ಲಿ ಹಾಗೆ ಕಂಡರೆ ಗಾಬರಿಯಾಗಬೇಡಿ.

ನನ್ನ ಮಾತನ್ನೇ ನಂಬಬೇಕೆಂದಿಲ್ಲ. ಕಂಪನಿ ಅಮೆರಿಕದ ನಿಯಂತ್ರಕರಿಗೆ ಪ್ರತಿ ವರ್ಷ ಸಲ್ಲಿಸುವ 10-K ವರದಿಯ ಮೊದಲ ಪುಟದಲ್ಲಿಯೇ ನೋಂದಣಿ ಎಲ್ಲಿಯದು ಎಂದು ಬರೆದಿರುತ್ತದೆ. ಎರಡಕ್ಷರ ನೋಡಿ ಅನುಮಾನ ಬಂದಾಗ ನಾನು ತೆರೆಯುವುದು ಆ ಪುಟವನ್ನೇ.

ಇನ್ನು ಜಮಖಂಡಿಯ ಕಾಕಾ ಬರೆದಿದ್ದಾರೆ, US ಇದ್ದರೆ ಅಮೆರಿಕದ ಕಂಪನಿ, ಅಲ್ಲಿಗೆ ಮುಗಿಯಿತು ಎಂದು. ಕಾಕಾ, ಅರ್ಧ ನಿಮ್ಮ ಮಾತು ಸರಿ. ಆಪಲ್‌ನ US0378331005 ನೋಡಿದರೆ ಹಾಗೆಯೇ ಇದೆ. ಆದರೆ ಇದನ್ನು ನೋಡಿ: US4567881085. ಇದು ಇನ್ಫೋಸಿಸ್. ನ್ಯೂಯಾರ್ಕಿನಲ್ಲಿ ನಡೆಯುವ ಇನ್ಫೋಸಿಸ್ ಎಡಿಆರ್‌ನ ಸಂಖ್ಯೆ ಅದು. ಮುಂಬೈಯಲ್ಲಿ ನಡೆಯುವ ಷೇರಿನದು INE009A01021. ಕಂಪನಿ ಒಂದೇ, ಸಂಖ್ಯೆ ಎರಡು, ದೇಶವೂ ಎರಡು.

ವಿಜಯಪುರದ ದ್ರಾಕ್ಷಿಯವರಿಗೆ ಇದು ಬೇಗ ತಿಳಿಯುತ್ತದೆ. ಒಣದ್ರಾಕ್ಷಿ ಒಯ್ದು ತಾಸಗಾಂವದ ಶೀತಲಗೃಹದಲ್ಲಿ ಇಟ್ಟರೆ ರಸೀದಿ ಕೊಡುವವರು ಅಲ್ಲಿಯವರು. ಮಾಲು ತಿಕೋಟಾದ್ದು, ರಸೀದಿ ಮಹಾರಾಷ್ಟ್ರದ್ದು. ಎಡಿಆರ್ ಎಂಬುದು ಆ ರಸೀದಿ. ಇನ್ಫೋಸಿಸ್ ಷೇರುಗಳನ್ನು ಹಿಡಿದಿಟ್ಟುಕೊಂಡು, ಅವುಗಳ ಲೆಕ್ಕದ ಮೇಲೆ ಒಂದು ಬ್ಯಾಂಕು ಅಮೆರಿಕದಲ್ಲಿ ರಸೀದಿ ಹೊರಡಿಸಿದೆ, US ಎಂಬುದು ಆ ರಸೀದಿಗೆ ಬಿದ್ದ ಮುದ್ರೆ. ಆದ್ದರಿಂದ US ಕಂಡಾಗ ಒಂದು ಕೆಲಸ ಮಾಡಿ: ಹೆಸರಿನ ಮುಂದೆ ADR ಅಥವಾ ADS ಇದೆಯೇ ನೋಡಿ. ಇದ್ದರೆ ಎರಡಕ್ಷರವನ್ನು ಬಿಟ್ಟು, ಒಳಗಿನ ಕಂಪನಿ ಎಲ್ಲಿಯದೆಂದು ಬೇರೆಯಾಗಿ ಹುಡುಕಬೇಕು.

ಉಲ್ಟಾ ಉದಾಹರಣೆಯೂ ಇದೆ. ಮೇಕ್‌ಮೈಟ್ರಿಪ್ ನಮ್ಮದೇ ಎಂದುಕೊಂಡು ಟಿಕೆಟ್ ತೆಗೆಯುತ್ತೇವೆ. ಅದರ ಷೇರು ನಾಸ್ಡಾಕ್‌ನಲ್ಲಿ ಇದೆ, ಸಂಖ್ಯೆ MU0295S00016. ಅದು ಅಮೆರಿಕವೂ ಅಲ್ಲ, ಭಾರತವೂ ಅಲ್ಲ, ಮಾರಿಷಸ್! ರಸೀದಿಯಲ್ಲ, ನೇರ ಷೇರು, ಹಾಗಾಗಿ ನೋಂದಣಿಯ ದೇಶವೇ ಕಾಣುತ್ತದೆ.

ಇಂಡಿ ಊರಿನ ಸರ್ ಕೇಳಿದ್ದು ಸ್ವಲ್ಪ ಬೇರೆ. ದುಬೈಯಲ್ಲಿರುವ ಅವರ ತಮ್ಮನಿಗೆ ಭಾರತದ ಕಂಪನಿಯೊಂದರ ಡಾಲರ್ ಬಾಂಡ್ ತೋರಿಸಿದ್ದಾರೆ, ಸಂಖ್ಯೆ XS ಎಂದು ಶುರುವಾಗುತ್ತದೆ, XS ಎಂಬ ದೇಶವೇ ಇಲ್ಲವಲ್ಲ, ಮೋಸವೇ ಎಂದು. ಸರ್, ಅಷ್ಟರಿಂದಲೇ ಮೋಸ ಎನ್ನುವಂತಿಲ್ಲ. ಬಾಂಡು ವಹಿವಾಟಿನ ಲೆಕ್ಕ ತೀರಿಸುವ ಯೂರೋಕ್ಲಿಯರ್ ಮತ್ತು ಕ್ಲಿಯರ್‌ಸ್ಟ್ರೀಮ್ ಸಂಸ್ಥೆಗಳ ಮೂಲಕ ಅಂತರರಾಷ್ಟ್ರೀಯವಾಗಿ ಮಾರುವ ಬಾಂಡ್‌ಗಳಿಗೆ XS ಹಾಕುತ್ತಾರೆ. ಆದರೆ ಅಲ್ಲಿ ಎರಡಕ್ಷರ ದೇಶದ ಬಗ್ಗೆ ಏನೂ ಹೇಳುವುದಿಲ್ಲ. ಸಾಲ ತೆಗೆದುಕೊಂಡವರು ಯಾರು ಎಂಬುದು ಬಾಂಡಿನ ಮಾಹಿತಿ ಪತ್ರದಲ್ಲಿ ಮಾತ್ರ ಸಿಗುತ್ತದೆ. ಎಷ್ಟೋ ಸಲ ಭಾರತದ ಕಂಪನಿಯ ಹೆಸರು ದೊಡ್ಡದಾಗಿ ಇದ್ದು, ಸಾಲಗಾರ ಬೇರೆ ದೇಶದ ಒಂದು ಅಂಗಸಂಸ್ಥೆ ಆಗಿರುತ್ತದೆ. ಮಾತೃಸಂಸ್ಥೆ ಜಾಮೀನು ಕೊಟ್ಟಿದೆಯೇ, ಇಲ್ಲವೇ ಎಂಬುದನ್ನು ತಮ್ಮನಿಗೆ ಓದಲು ಹೇಳಿ. ಆ ಪತ್ರವನ್ನೇ ಕೊಡದಿದ್ದರೆ ನಾನಾದರೆ ಮುಂದೆ ಹೋಗುವುದಿಲ್ಲ.

ಐಸಿನ್ ಬ್ಯಾಂಕಿನ ಐಎಫ್‌ಎಸ್‌ಸಿ ತರಹವೇ ಎಂದು ಯಾರೋ ಬರೆದಿದ್ದರು. ಅಲ್ಲ. ಅದು ಶಾಖೆಯ ವಿಳಾಸ, ಇದು ಕಾಗದದ ಗುರುತು. ಐಸಿನ್‌ನ ಕೊನೆಯ ಅಂಕಿ ತಪ್ಪು ಹಿಡಿಯಲು ಉಪಕಾರಿ: ಮೊದಲ ಹನ್ನೊಂದರಿಂದ ಲೆಕ್ಕ ಹಾಕಿ ಅದನ್ನು ಇಟ್ಟಿರುತ್ತಾರೆ. ವರ್ಷಗಳ ಹಿಂದೆ ಷೇರು ವರ್ಗಾವಣೆಯ ಚೀಟಿಯಲ್ಲಿ ನಾನು ಒಂದು ಅಂಕಿ ತಪ್ಪು ಬರೆದಾಗ ಚೀಟಿ ಹಾಗೆಯೇ ವಾಪಸ್ ಬಂದಿತ್ತು. ಬೇರೆ ಕಂಪನಿಯ ಷೇರು ಹೋಗುವುದು ತಪ್ಪಿತು.

ಈಗ ರಿಟರ್ನ್. ಅಕ್ಕಾ, ವಿದೇಶದ ಆಸ್ತಿ ತೋರಿಸುವ ಎಫ್‌ಎ ಅನುಸೂಚಿಯಲ್ಲಿ ಕೇಳುವ ದೇಶದ ಕೋಡ್ ಅಂಕಿಯಲ್ಲಿ ಇರುತ್ತದೆ, ಅಲ್ಲಿ IE ಎಂದು ಬರೆಯುವಂತಿಲ್ಲ, ಪಟ್ಟಿಯಿಂದ ಆರಿಸಬೇಕು. ಷೇರಿನ ಕೋಷ್ಟಕ A3ರಲ್ಲಿ ಕಂಪನಿಯ ದೇಶ ಬರುತ್ತದೆ, ಅಂದರೆ ಇಲ್ಲಿ ಐರ್ಲೆಂಡ್. ಷೇರು ಇಟ್ಟಿರುವ ಖಾತೆಗೆ A2 ಎಂಬ ಬೇರೆ ಕೋಷ್ಟಕ ಇದೆ, ಅಲ್ಲಿ ಬ್ರೋಕರ್ ಇರುವ ದೇಶ. ಒಂದೇ ಷೇರಿಗೆ ಎರಡೂ ತುಂಬಬೇಕೇ ಎಂಬುದರಲ್ಲಿ ಲೆಕ್ಕಪರಿಶೋಧಕರೇ ಒಮ್ಮತದಲ್ಲಿಲ್ಲ. ನನಗೆ ಪರಿಚಯದ ಇಬ್ಬರಲ್ಲಿ ಒಬ್ಬರು ಎರಡನ್ನೂ ತುಂಬಿಸುತ್ತಾರೆ, ಇನ್ನೊಬ್ಬರು A3 ಸಾಕು ಎನ್ನುತ್ತಾರೆ. ಡಿವಿಡೆಂಡ್‌ನಲ್ಲಿಯೂ ಒಂದು ಎಚ್ಚರ: ಅಮೆರಿಕದ ಕಂಪನಿಗಳ ಡಿವಿಡೆಂಡ್ ಮೇಲೆ ಭಾರತದವರಿಗೆ ಒಪ್ಪಂದದ ಪ್ರಕಾರ ಅಲ್ಲಿಯೇ 25% ಕಡಿತವಾಗುತ್ತದೆ. ಅದೇ ಲೆಕ್ಕವನ್ನು ಇಲ್ಲಿಗೂ ಹಾಕಬೇಡಿ, ಇದು ಐರ್ಲೆಂಡಿನ ಕಂಪನಿ. ಪಟ್ಟಿಯಲ್ಲಿ ನಿಜವಾಗಿ ಎಷ್ಟು ಕಡಿತವಾಗಿದೆ, ಯಾವ ದೇಶದ ಹೆಸರಿನಲ್ಲಿ ಆಗಿದೆ ಎಂದು ನೋಡಿ. ಜೊತೆಗೆ ಮಗನ ಖಾತೆ ಯಾವ ದೇಶದ ಬ್ರೋಕರ್ ಹತ್ತಿರ ಇದೆ ಎಂದು ಕೇಳಿ ಇಲ್ಲಿಯೇ ಬರೆಯಿರಿ, A2 ಬಗ್ಗೆ ಆಮೇಲೆ ಮಾತಾಡೋಣ.