ಸಿಒಡಿ ಪಾರ್ಸೆಲ್ ವಾಪಸ್ ಬರುವುದನ್ನು ಕಡಿಮೆ ಮಾಡುವುದು ಹೇಗೆ?

ಪ್ರಶ್ನೆ: ಇನ್‌ಸ್ಟಾಗ್ರಾಂನಲ್ಲಿ ಕಾಟನ್ ಕುರ್ತಾ ಮಾರ್ತೀನಿ. ಹೆಚ್ಚುಕಡಿಮೆ ಎಲ್ಲಾ ಆರ್ಡರೂ ಸಿಒಡಿನೇ. ನೂರು ಕಳಿಸಿದ್ರೆ ಮೂವತ್ತು ವಾಪಸ್ ಬರುತ್ತೆ. ಆರ್ಡರ್ ಚೆನ್ನಾಗಿದೆ, ಆದ್ರೆ ಕೈಯಲ್ಲಿ ದುಡ್ಡು ಉಳೀತಿಲ್ಲ. ಸಿಒಡಿ ನಿಲ್ಲಿಸಿಬಿಡ್ಲಾ?

ಪೂರ್ತಿ ನಿಲ್ಲಿಸಬೇಡಿ. ಕೇಳಿದವರಿಗೆಲ್ಲ ಒಂದೇ ತರಹ ಸಿಒಡಿ ಕೊಡುವುದನ್ನು ಮಾತ್ರ ನಿಲ್ಲಿಸಿ. ನಾನೂ ಬಟ್ಟೆಯನ್ನೇ ಮಾರುವವನು, ಪಾರ್ಸೆಲ್ ಕಳಿಸುವ ಕೆಲಸ ನಾನೇ ನೋಡಿಕೊಳ್ಳುತ್ತೇನೆ. ಹಾಗಾಗಿ ಲೆಕ್ಕದಿಂದಲೇ ಶುರು ಮಾಡುತ್ತೇನೆ.

ಕುರ್ತಾ ಬೆಲೆ 700 ರೂಪಾಯಿ ಅಂತ ಇಟ್ಟುಕೊಳ್ಳೋಣ. ಬಟ್ಟೆ, ಹೊಲಿಗೆ ಸೇರಿ 350. ಪ್ಯಾಕಿಂಗ್ 20. ಒಂದು ಆರ್ಡರ್ ಬರಲು ಜಾಹೀರಾತಿಗೆ 100. ಕೊರಿಯರ್ 75, ಸಿಒಡಿ ಚಾರ್ಜ್ 35. ಪಾರ್ಸೆಲ್ ಮನೆ ಸೇರಿದರೆ ನಿಮಗೆ ಉಳಿಯುವುದು 120. ಅದೇ ವಾಪಸ್ ಬಂದರೆ ಕುರ್ತಾ ಕೈಗೆ ಬರುತ್ತದೆ, ಸಿಒಡಿ ಚಾರ್ಜನ್ನೂ ಸಾಮಾನ್ಯವಾಗಿ ಬಿಡುತ್ತಾರೆ. ಆದರೆ ಪ್ಯಾಕಿಂಗ್ 20, ಜಾಹೀರಾತು 100, ಹೋಗುವ ಬಾಡಿಗೆ 75, ಬರುವ ಬಾಡಿಗೆ 65, ಎಲ್ಲಾ ಸೇರಿ 260 ಹೋಯಿತು. ಒಂದು ವಾಪಸ್ ಪಾರ್ಸೆಲ್ ಎರಡು ಮಾರಾಟದ ಲಾಭ ತಿಂದು ಇನ್ನೂ ಸ್ವಲ್ಪ ಕೇಳುತ್ತದೆ.

ನೂರರಲ್ಲಿ 70 ತಲುಪಿದರೆ 8,400 ಬಂತು. 30 ವಾಪಸ್‌ಗೆ 7,800 ಹೋಯಿತು. ಉಳಿದಿದ್ದು 600 ರೂಪಾಯಿ. ದುಡ್ಡು ಯಾಕೆ ಉಳಿಯುತ್ತಿಲ್ಲ ಅನ್ನೋದು ಇಲ್ಲೇ ಕಾಣುತ್ತದೆ, ಅಲ್ವಾ? ವಾಪಸ್ 20ಕ್ಕೆ ಇಳಿದರೆ ಅದೇ ನೂರು ಆರ್ಡರ್‌ನಲ್ಲಿ 4,400 ಉಳಿಯುತ್ತದೆ. ನಿಮ್ಮ ಅಂಕಿಗಳನ್ನು ಹಾಕಿ ಒಮ್ಮೆ ಇದೇ ಲೆಕ್ಕ ಮಾಡಿ. ಅಲ್ಲಿಯವರೆಗೆ ಜಾಹೀರಾತಿಗೆ ಇನ್ನೊಂದು ರೂಪಾಯಿಯೂ ಜಾಸ್ತಿ ಹಾಕಬೇಡಿ.

ಈಗ ನಿಮ್ಮ ಕೊರಿಯರ್ ಪ್ಯಾನೆಲ್‌ನಲ್ಲಿ NDR ರಿಪೋರ್ಟ್ ತೆಗೆಯಿರಿ. ಡೆಲಿವರಿ ಆಗದ ಪ್ರತಿ ಪಾರ್ಸೆಲ್‌ಗೂ ಅಲ್ಲಿ ಒಂದು ಕಾರಣ ಬರೆದಿರುತ್ತದೆ. ಅದನ್ನು ಎರಡೇ ಗುಂಪು ಮಾಡಿ: ಬೇಡ ಅಂದವರು, ಸಿಗದೇ ಹೋದವರು. ಎರಡಕ್ಕೂ ಮದ್ದು ಬೇರೆ.

ಬೇಡ ಅನ್ನುವವರನ್ನು ಪಾರ್ಸೆಲ್ ಹೊರಡುವ ಮೊದಲೇ ಹಿಡಿಯಬೇಕು. ಹೊರಡುವ ಮುಂಚೆ ಕ್ಯಾನ್ಸಲ್ ಆದರೆ ಹೋಗುವುದು ಜಾಹೀರಾತಿನ 100 ಮಾತ್ರ, ಉಳಿದ 160 ನಿಮ್ಮಲ್ಲೇ ಉಳಿಯುತ್ತದೆ. ಆರ್ಡರ್ ಬಂದ ಒಂದೆರಡು ಗಂಟೆಯೊಳಗೆ, ಅವರ ಕೈಯಲ್ಲಿ ಇನ್ನೂ ಫೋನ್ ಇರುವಾಗಲೇ, ವಾಟ್ಸಾಪ್ ಮಾಡಿ. ನಾನು ಕಳಿಸುವುದು ಹೀಗಿರುತ್ತದೆ: “ನಮಸ್ಕಾರ, ನೀಲಿ ಕುರ್ತಾ, ಸೈಜ್ L, ಡೆಲಿವರಿ ದಿನ 700 ರೂಪಾಯಿ ಕೊಡಬೇಕು. ಕಳಿಸಬೇಕಾದರೆ 1 ಒತ್ತಿ, ಬೇಡವಾದರೆ 2. ವಿಳಾಸ ಇದೇ ಸರಿನಾ?” ‘ಬೇಡ’ ಅನ್ನೋದನ್ನು ಇಷ್ಟು ಸುಲಭ ಮಾಡುವುದಕ್ಕೆ ಹಲವರು ಹೆದರುತ್ತಾರೆ. ಇಲ್ಲಿ ಬೇಡ ಅನ್ನುವವರು ಬಾಗಿಲಲ್ಲೂ ಬೇಡ ಅನ್ನುತ್ತಿದ್ದರು. ಇಲ್ಲೇ ಹೇಳಿಸಿಕೊಳ್ಳುವುದು ಅಗ್ಗ.

ಉತ್ತರ ಬರದಿದ್ದರೆ ಒಂದು ಫೋನ್ ಮಾಡಿ. ಅದಕ್ಕೂ ಇಲ್ಲ ಅಂದರೆ, ಅಥವಾ ಆ ನಂಬರಿನಿಂದ ಹಿಂದೆ ಪಾರ್ಸೆಲ್ ವಾಪಸ್ ಬಂದಿದ್ದರೆ, 100 ರೂಪಾಯಿ ಅಡ್ವಾನ್ಸ್ ಕೇಳಿ. ಬಾಕಿ 600 ಬಾಗಿಲಲ್ಲಿ. ಆರ್ಡರ್ ಕಡಿಮೆಯಾಗುತ್ತದೆ, ನಿಜ. ಎಲ್ಲರಿಗೂ ಅಡ್ವಾನ್ಸ್ ಹಾಕಿ ನೂರರಲ್ಲಿ 25 ಜನ ಬಿಟ್ಟು ಹೋದರು ಅಂತಲೇ ಇಟ್ಟುಕೊಳ್ಳಿ. ಉಳಿದ 75ರಲ್ಲಿ 68 ತಲುಪಿ 7 ವಾಪಸ್ ಬಂದರೆ, ನೂರು ಆರ್ಡರ್‌ನ ಜಾಹೀರಾತು ಖರ್ಚು ಪೂರ್ತಿ ಕಳೆದ ಮೇಲೂ 3,840 ಉಳಿಯುತ್ತದೆ. ಮೊದಲಿನ 600ರ ಪಕ್ಕ ಇಟ್ಟು ನೋಡಿ. ಆದರೂ ಎಲ್ಲರಿಗೂ ಹಾಕುವುದು ನನಗೆ ಇಷ್ಟವಿಲ್ಲ. ಮೊದಲ ಸಲ ಕೊಳ್ಳುವವರು ಗುರುತಿಲ್ಲದ ಅಂಗಡಿಗೆ ದುಡ್ಡು ಕೊಡಲು ಹಿಂಜರಿಯುವುದು ಸಹಜ. ಅನುಮಾನ ಬಂದವರಿಗೆ ಮಾತ್ರ ಕೇಳಿದರೆ ಸಾಕು.

ಸಿಒಡಿಗೆ ಬೇರೆ ಚಾರ್ಜ್ ಹಾಕುವುದಾದರೆ ಬೆಲೆಯ ಪಕ್ಕದಲ್ಲೇ ಕಾಣುವಂತೆ ಹಾಕಿ. ಕೊನೆಯ ಪುಟದಲ್ಲಿ ದಿಢೀರ್ ಅಂತ ಸೇರಿಸುವುದು ಕೇಂದ್ರ ಸರ್ಕಾರದ 2023ರ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ‘ಡ್ರಿಪ್ ಪ್ರೈಸಿಂಗ್’ ಅನ್ನಿಸಿಕೊಳ್ಳುತ್ತದೆ.

ಇನ್ನು ಸಿಗದೇ ಹೋದವರು. ಇವರಿಗೆ ಕುರ್ತಾ ಬೇಕು, ನಮ್ಮ ಕಡೆಯಿಂದಲೇ ಕೈ ತಪ್ಪುತ್ತದೆ. ಅದಕ್ಕೇ ಈ ಗುಂಪಿನ ಬಗ್ಗೆ ನನಗೆ ಹೆಚ್ಚು ಸಂಕಟ. ಹುಡುಗಿ ಆರ್ಡರ್ ಮಾಡಿ ಕಾಲೇಜಿಗೆ ಹೋಗಿರುತ್ತಾಳೆ. ಮನೆಯಲ್ಲಿ ಅಮ್ಮನಿಗೆ ವಿಷಯವೇ ಗೊತ್ತಿಲ್ಲ. “ನಾವೇನೂ ತರಿಸಿಲ್ಲಪ್ಪ” ಅಂತ ವಾಪಸ್ ಕಳಿಸುತ್ತಾರೆ. ಪ್ಯಾನೆಲ್‌ನಲ್ಲಿ `Customer refused` ಅಂತ ಬೀಳುತ್ತದೆ. ಹಾಗಾಗಿ ಬೇಡ ಅಂದವರ ಗುಂಪಿನಲ್ಲೂ ಇಂಥವರು ಸೇರಿಕೊಂಡಿರುತ್ತಾರೆ. ಪಾರ್ಸೆಲ್ `Out for delivery` ಆದ ಬೆಳಿಗ್ಗೆ ಒಂದು ಸಾಲು ಕಳಿಸಿ: “ಇವತ್ತು ಪಾರ್ಸೆಲ್ ಬರುತ್ತೆ. ನೀವು ಮನೆಯಲ್ಲಿ ಇರದಿದ್ದರೆ ಮನೆಯವರಿಗೆ ಹೇಳಿ, 700 ರೂಪಾಯಿ ಕೊಟ್ಟಿರಿ.” ಮಾಡಲು ಇದರಷ್ಟು ಸುಲಭದ ಕೆಲಸ ಇನ್ನೊಂದಿಲ್ಲ.

ವಿಳಾಸದಲ್ಲಿ ಮನೆ ನಂಬರ್, ಕ್ರಾಸ್, ಹತ್ತಿರದ ಗುರುತು, ಎರಡನೇ ಫೋನ್ ನಂಬರ್ ಇರಲೇಬೇಕು. ಹಳ್ಳಿಗಳಲ್ಲಿ ಒಂದು ಪಿನ್‌ಕೋಡ್‌ಗೆ ಹಲವು ಊರು ಬರುತ್ತವೆ, ಅಂಚೆ ಕಚೇರಿಯ ಹೆಸರೂ ಬೇರೆ ಇರಬಹುದು. ಊರಿನ ಹೆಸರು, ಗುಡಿ ಅಥವಾ ಅಂಗಡಿಯ ಗುರುತನ್ನು ವಿಳಾಸದ ಮೊದಲ ಸಾಲುಗಳಲ್ಲೇ ಬರೆಯಿರಿ. ನೋಟ್ಸ್ ಜಾಗದಲ್ಲಿ ಬರೆದದ್ದು ಲೇಬಲ್ ಮೇಲೆ ಬರದೇ ಹೋಗಬಹುದು.

ಎಲ್ಲಾ ಸರಿಯಿದ್ದೂ `Customer not available` ಅಂತ ಬಂದರೆ ನಂಬಬೇಡಿ. ಅದೇ ದಿನ ಗ್ರಾಹಕರಿಗೆ ಫೋನ್ ಮಾಡಿ “ಯಾರಾದ್ರೂ ಬಂದಿದ್ರಾ, ಫೋನ್ ಬಂದಿತ್ತಾ?” ಅಂತ ಕೇಳಿ. ಬಂದಿಲ್ಲ ಅಂದರೆ ಅವರ ಕಾಲ್ ಲಿಸ್ಟ್‌ನ ಸ್ಕ್ರೀನ್‌ಶಾಟ್ ತರಿಸಿಕೊಂಡು ದೂರು ಹಾಕಿ, ಮತ್ತೆ ಡೆಲಿವರಿ ಕೇಳಿ. ಸುಳ್ಳು ಅಟೆಂಪ್ಟ್ ಪತ್ತೆಗೆ ಸಮಯವನ್ನೂ ನೋಡಿ. ಒಂದೇ ಹಬ್‌ನ ನಾಲ್ಕೈದು ಪಾರ್ಸೆಲ್‌ಗೆ ರಾತ್ರಿ ಒಂದೇ ನಿಮಿಷದಲ್ಲಿ ಅದೇ ಕಾರಣ ಬಿದ್ದಿದ್ದರೆ, ಹುಡುಗ ಕುಳಿತಲ್ಲೇ ಗುರುತು ಹಾಕಿದ್ದಾನೆ ಅಂತ ಅನುಮಾನ ಪಡಬಹುದು. ಒಬ್ಬನೇ ಎಷ್ಟು ಪಾರ್ಸೆಲ್ ಹೊತ್ತು ತಿರುಗುತ್ತಾನೆ ಅನ್ನೋದೂ ಗೊತ್ತು, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಸಾಮಾನ್ಯವಾಗಿ ಮೂರು ಅಟೆಂಪ್ಟ್ ಮುಗಿದರೆ ಪಾರ್ಸೆಲ್ ವಾಪಸ್ ಹೊರಡುತ್ತದೆ. ನೀವು ಎರಡು ದಿನ ತಡಮಾಡಿದರೆ ಅವಕಾಶ ಕೈಬಿಟ್ಟಿತು.

ಒಂದು ಪಿನ್‌ಕೋಡ್‌ನಿಂದ ಪದೇ ಪದೇ ವಾಪಸ್ ಬರುತ್ತಿದೆ ಅಂತ ಆ ಊರನ್ನೇ ಬಂದ್ ಮಾಡುವವರಿದ್ದಾರೆ. ಅದಕ್ಕೆ ಮೊದಲು ಅಲ್ಲಿಗೆ ಬೇರೆ ಕೊರಿಯರ್‌ನಲ್ಲಿ ಹತ್ತಿಪ್ಪತ್ತು ಪಾರ್ಸೆಲ್ ಕಳಿಸಿ ನೋಡಿ. ತಲುಪಿದರೆ ತೊಂದರೆ ಕೊರಿಯರ್‌ನದು. ಆಗಲೂ ವಾಪಸ್ ಬಂದರೆ ಆ ಪಿನ್‌ಕೋಡ್‌ಗೆ ಸಿಒಡಿ ತೆಗೆಯಿರಿ, ಮೊದಲೇ ದುಡ್ಡು ಕೊಡುವವರಿಗೆ ಮಾರಾಟ ಹಾಗೇ ಇರಲಿ.