ಒಂದೇ ಚೀಲದ ತೊಗರಿ

"ಅವ್ವನಿಗೆ ಸಕ್ಕರೆ ಕಾಯಿಲೆ, ಕಿವಿ ಮಂದ. ಅಣ್ಣನಿಗೆ ಕಿವಿಯ ತೊಂದರೆ ಮಾತ್ರ. ಅಕ್ಕನಿಗೆ ಮೂವತ್ತಾಗುವ ಮೊದಲೇ ಫಿಟ್ಸ್, ಲಕ್ವದಂಥ ಹೊಡೆತ. ಎಲ್ಲರ ಜೀನ್ ರಿಪೋರ್ಟಿನಲ್ಲೂ m.3243A>G ಎಂದಿದೆ. ನನಗೆ 38 ವರ್ಷ, ರಕ್ತದಲ್ಲಿ ನೂರಕ್ಕೆ 8 ಅಂತೆ, ಆರಾಮಾಗಿದ್ದೇನೆ. ಅವ್ವನನ್ನು ಸೋದರಮಾವನಿಗೆ ಕೊಟ್ಟಿದ್ದಕ್ಕೇ ಹೀಗಾಯಿತು ಅಂತ ಓಣಿಯವರು ಅನ್ನುತ್ತಾರೆ. ಹೌದಾ? ಅಣ್ಣನ ಮಕ್ಕಳಿಗೂ ಬರುತ್ತದಾ?"
— ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಅಣ್ಣನ ಮಕ್ಕಳಿಗೆ ಬರುವುದಿಲ್ಲ. ಸೋದರಮಾವನ ಮದುವೆಗೂ ಇದಕ್ಕೂ ಸಂಬಂಧವಿಲ್ಲ.

ಜೀವಕೋಶಕ್ಕೆ ಶಕ್ತಿ ತಯಾರಿಸಿ ಕೊಡುವ ಮೈಟೊಕಾಂಡ್ರಿಯಗಳಿಗೆ ತಮ್ಮದೇ ಪುಟ್ಟ ಡಿಎನ್‌ಎ ಇದೆ. ಅದರಲ್ಲಿ 16,569 ಅಕ್ಷರ, 37 ಜೀನು, ಅಷ್ಟೇ. ನಿಮ್ಮ ಮನೆಯಲ್ಲಿ 3243ನೇ ಜಾಗದಲ್ಲಿ ಎ ಇರಬೇಕಾದಲ್ಲಿ ಜಿ ಬಂದಿದೆ. ವೀರ್ಯಾಣುವಿನ ಮೈಟೊಕಾಂಡ್ರಿಯಗಳು ಅಂಡದೊಳಗೆ ಹೊಕ್ಕರೂ ಅಲ್ಲೇ ನಾಶವಾಗುತ್ತವೆ. ಹಾಗಾಗಿ ತಂದೆಯಿಂದ ಇದು ಮಕ್ಕಳಿಗೆ ದಾಟುವುದಿಲ್ಲ. ಒಂದು ತಮಾಷೆ ನೋಡಿ: ನಿಮ್ಮ ಅಪ್ಪ ನಿಮ್ಮ ಅಜ್ಜಿಯ ತಮ್ಮನೋ ಅಣ್ಣನೋ ಆದ್ದರಿಂದ ಅವರಲ್ಲೂ ಇದೇ ಬದಲಾವಣೆ ಇದ್ದಿರಬಹುದು. ಆದರೂ ನಿಮಗೆ ಬಂದದ್ದು ಅವ್ವನಿಂದಲೇ. ಅವ್ವ ಯಾರನ್ನು ಮದುವೆಯಾಗಿದ್ದರೂ ಬರುತ್ತಿತ್ತು. (ಮೈಟೊಕಾಂಡ್ರಿಯದ್ದೇ ಬೇರೆ ಕೆಲವು ಕಾಯಿಲೆಗಳು ಕೋಶಕೇಂದ್ರದ ಜೀನುಗಳಿಂದ ಬರುತ್ತವೆ. ಅಲ್ಲಿ ರಕ್ತಸಂಬಂಧದ ಮದುವೆ ಲೆಕ್ಕಕ್ಕೆ ಬರುತ್ತದೆ.)

ಇನ್ನು ಅಕ್ಕನಿಗೆ ಅಷ್ಟು, ನಿಮಗೆ ಇಷ್ಟು ಯಾಕೆ? ಒಂದು ಅಂಡದಲ್ಲಿ ಈ ಡಿಎನ್‌ಎಯ ಲಕ್ಷಕ್ಕೂ ಹೆಚ್ಚು ಪ್ರತಿಗಳಿರುತ್ತವೆ. ಅವುಗಳಲ್ಲಿ ಕೆಲವು ಸರಿ, ಕೆಲವು ಕೆಟ್ಟವು. ಈ ಬೆರಕೆಗೆ ಹೆಟೆರೊಪ್ಲಾಸ್ಮಿ ಎನ್ನುತ್ತಾರೆ. ನೂರಕ್ಕೆ 30 ಹುಳುಕಾಳಿರುವ ತೊಗರಿ ಚೀಲ ಅಂದುಕೊಳ್ಳಿ. ಸೇರುಗಟ್ಟಲೆ ಅಳೆದರೆ ಪ್ರತಿ ಸೇರಿನಲ್ಲೂ ಹೆಚ್ಚುಕಡಿಮೆ ಅದೇ 30 ಬರುತ್ತದೆ. ಹತ್ತೇ ಕಾಳು ಚಿವುಟಿ ತೆಗೆದರೆ? ಒಮ್ಮೆ ಒಂದು ಹುಳುಕು, ಇನ್ನೊಮ್ಮೆ ಆರು. ಹೆಣ್ಣುಭ್ರೂಣದಲ್ಲಿ ಮುಂದೆ ಅಂಡಗಳಾಗುವ ಕೋಶಗಳು ರೂಪುಗೊಳ್ಳುವಾಗ ಪ್ರತಿಗಳ ಸಂಖ್ಯೆ ಹೀಗೇ ಬಹಳ ಇಳಿದು, ಆಮೇಲೆ ಮತ್ತೆ ಹೆಚ್ಚುತ್ತದೆ. ಅಕ್ಕನ ಪಾಲಿಗೆ ಆರು ಹುಳುಕಿನ ಚಿಟಿಕೆ ಬಂತು, ನಿಮಗೆ ಒಂದರದು.

ಕೆಟ್ಟ ಪ್ರತಿಗಳಿದ್ದ ಮಾತ್ರಕ್ಕೆ ಅಂಗ ಸೋಲುವುದಿಲ್ಲ, ಸರಿಯಿರುವವು ತೂಗಿಸಿಕೊಂಡು ಹೋಗುತ್ತವೆ. ಸಾಮಾನ್ಯವಾಗಿ ನೂರಕ್ಕೆ 60ರಿಂದ 90 ಕೆಟ್ಟಾಗಲೇ ಕೋಶ ಸೋಲುವುದು. ಹೆಚ್ಚು ಶಕ್ತಿ ಬೇಡುವ ಮಿದುಳು, ಸ್ನಾಯು, ಒಳಕಿವಿಗಳಿಗೆ ಪೆಟ್ಟು ಮೊದಲು.

ಆದರೆ ನಿಮ್ಮ ಆ 8ನ್ನು ನಾನು ಅಷ್ಟು ನಂಬುವುದಿಲ್ಲ. ಈ ಬದಲಾವಣೆಯ ಪಾಲು ರಕ್ತದಲ್ಲಿ ವಯಸ್ಸಾದಂತೆ ಇಳಿಯುತ್ತದೆ, ಸ್ನಾಯುವಿನಲ್ಲಿ ಹಾಗೆ ಇಳಿಯುವುದಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ನೋಡಿದ್ದರೆ ಹೆಚ್ಚೇ ಇರುತ್ತಿತ್ತು. ಮೂತ್ರದಲ್ಲಿ ಬರುವ ಕೋಶಗಳ ಪರೀಕ್ಷೆ ಇದಕ್ಕಿಂತ ವಾಸಿ, ಅದನ್ನು ಕೇಳಿ ಮಾಡಿಸಿ. ನೀವು ಹೆಣ್ಣುಮಗಳಾಗಿದ್ದರೆ ನಿಮ್ಮ ಮಕ್ಕಳಿಗೂ ಚಿಟಿಕೆ ಬಿದ್ದಿರುತ್ತದೆ, ಅದು ನಿಮ್ಮದಕ್ಕಿಂತ ದೊಡ್ಡದೂ ಆಗಿರಬಹುದು.

ಅವ್ವನ ಸಕ್ಕರೆ ಗುಳಿಗೆಯ ಚೀಟಿಯಲ್ಲಿ ಮೆಟ್‌ಫಾರ್ಮಿನ್ ಇದೆಯೇ ನೋಡಿ. ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಏರಬಹುದೆಂದು ಇಂಥವರಿಗೆ ವೈದ್ಯರು ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ. ನೀವಾಗಿಯೇ ನಿಲ್ಲಿಸಬೇಡಿ, ಜೀನ್ ರಿಪೋರ್ಟನ್ನು ಸಕ್ಕರೆ ಡಾಕ್ಟರಿಗೂ ಒಯ್ದು ತೋರಿಸಿ.

— ಸಂಪಾದಕ